ಆರ್ಡರ್ ಹೋಗುವ ಮುನ್ನ ಒಂದು ತಪಾಸಣೆ: ಷೇರು, ಸೆಕ್ಟರ್ ಮಿತಿಯನ್ನು ಪ್ರೋಗ್ರಾಮಿನಲ್ಲಿ ಕಟ್ಟಿದ್ದು

ಮೊಮೆಂಟಮ್ ಪದ್ಧತಿಯಲ್ಲಿ ಷೇರು ಕೊಳ್ಳುವವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ: ಪಟ್ಟಿಯಲ್ಲಿ ಹದಿನೈದು ಹೆಸರಿದ್ದ ಮಾತ್ರಕ್ಕೆ ಹಣ ಹದಿನೈದು ಕಡೆ ಹಂಚಿದೆ ಎಂದಲ್ಲ. ನಿಫ್ಟಿ 500ರ ಷೇರುಗಳಲ್ಲಿ ಹಿಂದಿನ ಕೆಲವು ತಿಂಗಳು ಯಾವುದು ಹೆಚ್ಚು ಏರಿದೆಯೋ ಅದನ್ನು ಮೇಲಕ್ಕೆ ತರುವುದಷ್ಟೇ ಈ ಪದ್ಧತಿಯ ಕೆಲಸ. ಬ್ಯಾಂಕುಗಳು ಏರುವ ಕಾಲದಲ್ಲಿ ಪಟ್ಟಿಯ ತುಂಬ ಬ್ಯಾಂಕು, ರಕ್ಷಣಾ ಕಂಪನಿಗಳು ಏರುವ ಕಾಲದಲ್ಲಿ ಪಟ್ಟಿಯ ತುಂಬ ಅವೇ. ನಾನು ತಿಂಗಳಿಗೊಮ್ಮೆ ಈ ಪಟ್ಟಿ ತೆಗೆದು, ಬ್ರೋಕರ್ ಕೊಡುವ ಎಪಿಐ ಮೂಲಕ ಪೈಥಾನ್ ಪ್ರೋಗ್ರಾಮಿನಿಂದ ಆರ್ಡರ್ ಹಾಕುತ್ತೇನೆ. ಕೈಯಲ್ಲಿ ಆರ್ಡರ್ ಹಾಕುವಾಗ "ಇದೂ ಬ್ಯಾಂಕೇ ಅಲ್ವಾ" ಎಂದು ಒಂದು ಕ್ಷಣ ತಡೆಯುತ್ತಿದ್ದ ಮನಸ್ಸು ಪ್ರೋಗ್ರಾಮಿಗಿಲ್ಲ. ಆ ತಡೆಯನ್ನು ಲೆಕ್ಕದ ರೂಪದಲ್ಲಿ ಒಳಗೆ ಕೂರಿಸಿದ ಕತೆ ಇದು.

ಮಿತಿಗಳನ್ನು ಗೊತ್ತುಮಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಂದು ಕಂಪನಿಯಲ್ಲಿ ಒಟ್ಟು ಹಣದ ಶೇ 10, ಒಂದು ಸೆಕ್ಟರಿನಲ್ಲಿ ಶೇ 30. ಶೇ 10 ಎನ್ನುವುದನ್ನು ಸೆಬಿಯಿಂದಲೇ ಎರವಲು ಪಡೆದೆ. ನಮ್ಮಲ್ಲಿ ಸಕ್ರಿಯವಾಗಿ ನಡೆಸುವ, ಒಂದೇ ಸೆಕ್ಟರಿಗೆ ಮೀಸಲಲ್ಲದ ಈಕ್ವಿಟಿ ಮ್ಯೂಚುವಲ್ ಫಂಡ್ ಒಂದೇ ಕಂಪನಿಯ ಷೇರಿನಲ್ಲಿ ತನ್ನ ನಿವ್ವಳ ಆಸ್ತಿಯ ಶೇ 10ಕ್ಕಿಂತ ಹೆಚ್ಚು ಹೂಡುವಂತಿಲ್ಲ. ಶೇ 30 ನನ್ನದೇ ಅಂದಾಜು. ಈ ಸಂಖ್ಯೆಗಳ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನ್ನ ಅನುಭವದಲ್ಲಿ ಮಿತಿ ಶೇ 25 ಇರಲಿ, 30 ಇರಲಿ, ಅದಕ್ಕಿಂತ ದೊಡ್ಡ ಪ್ರಶ್ನೆ "ಯಾವುದರ ಶೇಕಡಾ, ಏನೇನನ್ನು ಸೇರಿಸಿ" ಎನ್ನುವುದು.

ಮೊದಲು ಛೇದವನ್ನೇ ನೋಡಿ. ಕೈಲಿರುವ ಷೇರುಗಳ ಬೆಲೆಯನ್ನು ಮಾತ್ರ ಒಟ್ಟು ಎಂದು ಹಿಡಿದರೆ, ಖಾಲಿ ಖಾತೆಯಲ್ಲಿ ಮೊದಲ ಷೇರು ಕೊಂಡ ಕೂಡಲೇ ಅದು ಶೇ 100 ಆಗುತ್ತದೆ. ಅಂದರೆ ತಪಾಸಣೆ ಮೊದಲ ಆರ್ಡರನ್ನೇ ಬಿಡುವುದಿಲ್ಲ. ಹಾಗಾಗಿ ಈ ಪದ್ಧತಿಗೆಂದು ಇಟ್ಟ ನಗದನ್ನೂ ಒಟ್ಟಿಗೆ ಸೇರಿಸಿದೆ. ಇದರಿಂದ ಇನ್ನೊಂದು ಅನುಕೂಲವೂ ಆಯಿತು: ಷೇರು ಕೊಂಡಾಗ ನಗದು ಷೇರಾಗಿ ಬದಲಾಗುತ್ತದೆಯೇ ಹೊರತು ಒಟ್ಟು ಬದಲಾಗುವುದಿಲ್ಲ, ಲೆಕ್ಕ ಸಲೀಸು. ತೊಂದರೆಯೂ ಇದೆ. ಅರ್ಧ ಹಣ ನಗದಾಗಿ ಕೂತಿದ್ದರೆ, ಒಟ್ಟಿನ ಶೇ 30 ಎಂದರೆ ಷೇರುಗಳ ಪಾಲಿನಲ್ಲಿ ಶೇ 60. ಆಮೇಲೆ ಆ ನಗದನ್ನು ಮನೆ ಖರ್ಚಿಗೆಂದು ತೆಗೆದರೆ, ಒಂದು ಆರ್ಡರನ್ನೂ ಹಾಕದೆ ಮಿತಿ ಮೀರಿರುತ್ತದೆ. ಇದಕ್ಕೆ ನಾನು ಮಾಡಿಕೊಂಡ ವ್ಯವಸ್ಥೆ ಸರಳ: ಈ ಖಾತೆಯಲ್ಲಿ ಈ ಪದ್ಧತಿಯ ಹಣ ಬಿಟ್ಟು ಬೇರೆ ಹಣ ಇಡುವುದಿಲ್ಲ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸುತ್ತೇನೆ. ಲೆಕ್ಕಕ್ಕೆ ಸುಲಭವಾಗಲಿ ಎಂದು ದುಂಡು ಸಂಖ್ಯೆ ಇಟ್ಟುಕೊಂಡಿದ್ದೇನೆ. ಷೇರುಗಳ ಇವತ್ತಿನ ಬೆಲೆ 10,20,000 ರೂಪಾಯಿ, ನಗದು 1,80,000, ಒಟ್ಟು 12 ಲಕ್ಷ. ಹಣಕಾಸು ಸೆಕ್ಟರಿನ ಷೇರುಗಳು 3,24,000, ಅಂದರೆ ಶೇ 27. ಮಿತಿ ಶೇ 30 ಆದ್ದರಿಂದ 3,60,000ದವರೆಗೆ ಹೋಗಬಹುದು. ಉಳಿದ ಜಾಗ 36,000. ಈಗ ಪಟ್ಟಿಯಿಂದ ಇನ್ನೊಂದು ಬ್ಯಾಂಕಿನ ಷೇರು ಬರುತ್ತದೆ: ಬೆಲೆ 1,100, ಬೇಕಾದದ್ದು 30 ಷೇರು, ಮೊತ್ತ 33,000. ಮೇಲ್ನೋಟಕ್ಕೆ ಹಿಡಿಸುತ್ತದೆ. ಆದರೆ ಹತ್ತು ನಿಮಿಷದ ಹಿಂದೆ ಇನ್ನೊಂದು ಬ್ಯಾಂಕಿಗೆ 20,000 ರೂಪಾಯಿಯ ಲಿಮಿಟ್ ಆರ್ಡರ್ ಹಾಕಿದ್ದೆ, ಅದಿನ್ನೂ ಕಾಯುತ್ತಿದೆ. ಅದನ್ನು ಕಳೆದರೆ ಜಾಗ 16,000 ಮಾತ್ರ. 1,100ರಿಂದ ಭಾಗಿಸಿದರೆ 14 ಷೇರು. 30 ಷೇರಿನ ಆರ್ಡರ್ ಹೋಗಕೂಡದು.

ಪ್ರೋಗ್ರಾಮಿನ ತಿರುಳು ಇಷ್ಟೇ:

```python
def allowed_qty(price, total, held, pending, cap):
    room = cap * total - held - pending
    return max(0, int(room // price))
```

ಇದನ್ನು ಕಂಪನಿಗೆ ಒಮ್ಮೆ, ಸೆಕ್ಟರಿಗೆ ಒಮ್ಮೆ ಕೇಳಿ, ಬಂದ ಉತ್ತರಗಳಲ್ಲಿ ಚಿಕ್ಕದನ್ನು ತೆಗೆದುಕೊಳ್ಳುವುದು. ಬೆಲೆ ಯಾವುದು ಎನ್ನುವುದನ್ನೂ ಹೇಳಿಬಿಡುತ್ತೇನೆ: ಲಿಮಿಟ್ ಆರ್ಡರ್ ಆದರೆ ಲಿಮಿಟ್ ಬೆಲೆ, ಮಾರ್ಕೆಟ್ ಆರ್ಡರ್ ಆದರೆ ಕೊನೆಯ ವಹಿವಾಟಿನ ಬೆಲೆಗೆ ಶೇ 1 ಸೇರಿಸಿ. ಆರ್ಡರ್ ಯಾವ ಬೆಲೆಗೆ ತುಂಬಿಕೊಂಡರೂ ಲೆಕ್ಕ ತಪ್ಪಬಾರದು ಎಂಬುದಷ್ಟೇ ಉದ್ದೇಶ.

ಕಾಯುತ್ತಿರುವ ಆರ್ಡರ್ ಎಣಿಸಬೇಕು ಎನ್ನುವುದು ನನಗೆ ಹೊಳೆದದ್ದು ನಮ್ಮ ಭಾವನ ಮಾತಿನಿಂದ. ಅವರು ಸರ್ಕಾರಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿದ್ದು ನಿವೃತ್ತರಾದವರು. ಹಬ್ಬಕ್ಕೆ ಬಂದಾಗ ಲ್ಯಾಪ್‌ಟಾಪ್ ತೋರಿಸಿ ಲೆಕ್ಕ ವಿವರಿಸಿದೆ. ಕನ್ನಡಕ ಮೇಲಕ್ಕೆತ್ತಿ ನೋಡಿ, "ಅಲ್ಲಯ್ಯ, ನೀನು ಕೈಗೆ ಬಂದಿರೋದನ್ನ ಮಾತ್ರ ಎಣಿಸ್ತಿದೀಯ. ನಾವು ಪಾರ್ಟಿಗೆ ಒಂದು ಕೋಟಿ ಮಂಜೂರು ಮಾಡಿದ್ರೆ, ಅವ್ನು ಇಪ್ಪತ್ತು ಲಕ್ಷ ಮಾತ್ರ ಎತ್ತಿದ್ರೂ ಎಕ್ಸ್‌ಪೋಷರ್ ಒಂದು ಕೋಟಿ ಅಂತಲೇ ಬರೀತಿದ್ವಿ" ಎಂದರು. ಬ್ಯಾಂಕುಗಳಲ್ಲಿ ಇದು ಹಳೆಯ ಪದ್ಧತಿ: ಮಂಜೂರಾದ ಮಿತಿ, ಬಾಕಿ ಇರುವ ಸಾಲ, ಇವೆರಡರಲ್ಲಿ ಯಾವುದು ದೊಡ್ಡದೋ ಅದೇ ಎಕ್ಸ್‌ಪೋಷರ್. ಹಾಕಿದ ಆರ್ಡರ್ ಕೂಡ ಮಂಜೂರಾತಿಯೇ. ಯಾವ ಗಳಿಗೆಯಲ್ಲಾದರೂ ಎದುರಿನವನು ಅದನ್ನು ಎತ್ತಬಹುದು.

"ಮತ್ತೆ ಮಾರೋ ಆರ್ಡರ್ ಕಾಯ್ತಾ ಇದ್ರೆ ಅದನ್ನ ಕಳೀಬಹುದಾ ಭಾವ?" ಎಂದೆ. "ಪಾರ್ಟಿ ನಾಳೆ ಕಟ್ತೀನಿ ಅಂದ್ರೆ ಇವತ್ತೇ ಜಮಾ ಬರೀತೀಯೇನು?" ಎಂದು ನಕ್ಕರು. ಆ ನಿಯಮವೂ ಹಾಗೇ ಉಳಿಯಿತು: ಕೊಳ್ಳುವ ಆರ್ಡರ್ ಹಾಕಿದ ಕ್ಷಣದಿಂದ ಎಣಿಕೆಗೆ ಬರುತ್ತದೆ, ಮಾರುವ ಆರ್ಡರ್ ಪೂರ್ತಿಯಾದ ಮೇಲಷ್ಟೇ ಜಾಗ ಬಿಡುತ್ತದೆ.

ಇದನ್ನು ಪ್ರೋಗ್ರಾಮಿನಲ್ಲಿ ತರುವಾಗ ಮೂರು ಕಡೆ ಕೈಹಾಕಬೇಕಾಯಿತು. ಡಿಮ್ಯಾಟ್‌ನಲ್ಲಿರುವುದು ಹೋಲ್ಡಿಂಗ್ಸ್‌ನಲ್ಲಿ ಸಿಗುತ್ತದೆ, ಇವತ್ತು ಕೊಂಡದ್ದು ಪೊಸಿಷನ್ಸ್‌ನಲ್ಲಿ, ಕಾಯುತ್ತಿರುವುದು ಆರ್ಡರ್ ಪುಸ್ತಕದಲ್ಲಿ. 2023ರ ಜನವರಿಯಿಂದ ನಮ್ಮಲ್ಲಿ ಎಲ್ಲ ಷೇರುಗಳಿಗೂ ಮರುದಿನವೇ ಇತ್ಯರ್ಥ ಆಗುವುದರಿಂದ ನಡುವೆ ಸಿಕ್ಕಿಕೊಳ್ಳುವ ಷೇರು ಒಂದು ದಿನದ್ದು ಮಾತ್ರ, ಆದರೂ ಅದನ್ನು ಬಿಟ್ಟರೆ ನಿನ್ನೆ ಕೊಂಡದ್ದು ಇವತ್ತು ಕಾಣುವುದಿಲ್ಲ. ಸಾಲಕ್ಕೆ ಅಡ ಇಟ್ಟ ಷೇರು ಇದ್ದರೆ ಅದು ಬೇರೆ ಕಾಲಮ್ಮಿನಲ್ಲಿರುತ್ತದೆ, ಅದನ್ನೂ ಕೂಡಬೇಕು. ಗೊತ್ತುಮಾಡಿದ ಬೆಲೆ ಬಂದಾಗಷ್ಟೇ ಆರ್ಡರ್ ಆಗುವ ಜಿಟಿಟಿ ಹಾಕುವ ಅಭ್ಯಾಸವಿರುವವರು ಇನ್ನೊಂದು ನೆನಪಿಡಬೇಕು: ಟ್ರಿಗರ್ ಆಗುವವರೆಗೆ ಅದು ಆರ್ಡರ್ ಪುಸ್ತಕದಲ್ಲಿ ಕಾಣುವುದೇ ಇಲ್ಲ, ಅದರ ಪಟ್ಟಿಯನ್ನು ಬೇರೆಯಾಗಿ ಕೇಳಬೇಕು.

ನಗದಿನ ಕಡೆಯೂ ಇದರ ನೆರಳು ಬೀಳುತ್ತದೆ. 20,000ದ ಆರ್ಡರ್ ಹಾಕಿದ ತಕ್ಷಣ ಬ್ರೋಕರ್ ಅಷ್ಟು ಹಣವನ್ನು ತಡೆಹಿಡಿದು, ಬಳಸಲು ಸಿಗುವ ನಗದು 1,60,000 ಎಂದು ತೋರಿಸುತ್ತಾರೆ. ಅದನ್ನೇ ನಂಬಿ ಒಟ್ಟನ್ನು 11,80,000 ಎಂದು ಹಿಡಿದರೆ ಮಿತಿ 3,54,000ಕ್ಕೆ ಇಳಿಯುತ್ತದೆ, ಅದರಿಂದ ಮತ್ತೆ 20,000 ಕಳೆಯುತ್ತೇವೆ. ಒಂದೇ ಆರ್ಡರಿಗೆ ಎರಡು ಸಲ ದಂಡ. ತಡೆಹಿಡಿದ ಹಣವನ್ನು ಒಟ್ಟಿಗೆ ವಾಪಸ್ ಸೇರಿಸಿದಾಗಲೇ ಲೆಕ್ಕ ಕೂಡಿತು.

ಒಂದರ ಹಿಂದೊಂದು ಆರ್ಡರ್ ಹೋಗುವಾಗ ಇನ್ನೂ ಒಂದು ಎಚ್ಚರ ಬೇಕು. ತಿಂಗಳ ಬದಲಾವಣೆಯ ದಿನ ನನ್ನ ಪ್ರೋಗ್ರಾಮು ಏಳೆಂಟು ಕೊಳ್ಳುವ ಆರ್ಡರನ್ನು ಕೆಲವೇ ಸೆಕೆಂಡುಗಳಲ್ಲಿ ಕಳಿಸುತ್ತದೆ. ಮೊದಲನೆಯದು ಬ್ರೋಕರ್ ಪುಸ್ತಕದಲ್ಲಿ ಮೂಡುವ ಮೊದಲೇ ಎರಡನೆಯದರ ತಪಾಸಣೆ ನಡೆದರೆ, ಎರಡಕ್ಕೂ ಅದೇ 36,000 ಜಾಗ ಕಾಣುತ್ತದೆ. ಅದಕ್ಕೆ ಪ್ರೋಗ್ರಾಮಿನೊಳಗೇ ಒಂದು ಕಾಯ್ದಿರಿಸಿದ ಪಟ್ಟಿ ಇಟ್ಟೆ: ಒಪ್ಪಿಗೆ ಸಿಕ್ಕ ಕೂಡಲೇ ಮೊತ್ತ ಅಲ್ಲಿ ಬರೆಯಲ್ಪಡುತ್ತದೆ, ಬ್ರೋಕರ್ ಕಡೆಯಿಂದ ಆರ್ಡರ್ ಸಂಖ್ಯೆ ಪುಸ್ತಕದಲ್ಲಿ ಕಂಡ ಮೇಲೆ ಅಳಿಯುತ್ತದೆ. ಬೇಕೆಂದೇ ಆರ್ಡರುಗಳನ್ನು ಒಂದಾದ ಮೇಲೆ ಒಂದರಂತೆ ಸಾಲಿನಲ್ಲಿ ಬಿಡುತ್ತೇನೆ. ತಿಂಗಳಿಗೊಮ್ಮೆ ಕೊಳ್ಳುವವನಿಗೆ ಎರಡು ಸೆಕೆಂಡಿನ ಅವಸರ ಯಾಕೆ?

ಇಷ್ಟೆಲ್ಲ ಆದಮೇಲೂ ನಾನು ಇದನ್ನು ನೇರವಾಗಿ ಆರ್ಡರಿಗೆ ಜೋಡಿಸಲಿಲ್ಲ. ಕೆಲವು ತಿಂಗಳು ಸುಮ್ಮನೆ ಬರೆದುಕೊಳ್ಳಲು ಬಿಟ್ಟೆ: ಆರ್ಡರ್ ತನ್ನ ಪಾಡಿಗೆ ಹೋಗಲಿ, ತಪಾಸಣೆ ಏನು ಹೇಳುತ್ತಿತ್ತು ಎನ್ನುವುದು ಒಂದು ಕಡತದಲ್ಲಿ ಸೇರಲಿ. ಹಳೆಯ ತಿಂಗಳುಗಳ ಪಟ್ಟಿಗಳನ್ನೂ ಅದರೊಳಗೆ ಓಡಿಸಿ ನೋಡಿದೆ. ಅಲ್ಲೇ ಸೆಕ್ಟರಿನ ಕೊಂಕು ಬಯಲಾಯಿತು.

ಸೆಕ್ಟರ್ ಯಾವುದು ಎಂದು ನಾವೇ ತೀರ್ಮಾನಿಸಬೇಕಿಲ್ಲ. ಎನ್‌ಎಸ್‌ಇಯ ವರ್ಗೀಕರಣ ನಾಲ್ಕು ಹಂತದ್ದು: ಮೇಲೆ 12 ದೊಡ್ಡ ಗುಂಪು, ಅವುಗಳ ಕೆಳಗೆ 22 ಸೆಕ್ಟರ್, ಆಮೇಲೆ 59 ಉದ್ಯಮ, ಕೊನೆಗೆ 197 ಮೂಲ ಉದ್ಯಮ. ನಿಫ್ಟಿ 500ರ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಂಡರೆ ಕಂಪನಿ ಹೆಸರು, `Industry`, `Symbol`, `ISIN Code` ಎಲ್ಲ ಇರುತ್ತವೆ. ಅಲ್ಲಿನ `Industry` ಕಾಲಮ್ಮಿನಲ್ಲಿರುವುದು ಈ 22ರ ಮಟ್ಟದ ಹೆಸರು. ನನಗೆ ಆ ಮಟ್ಟವೇ ಸಾಕು. ಅದಕ್ಕಿಂತ ಕೆಳಗಿಳಿದರೆ ಖಾಸಗಿ ಬ್ಯಾಂಕು, ಸರ್ಕಾರಿ ಬ್ಯಾಂಕು, ಗೃಹಸಾಲ ಕಂಪನಿ ಎಲ್ಲ ಬೇರೆ ಬೇರೆಯಾಗಿ, ಪ್ರತಿಯೊಂದರಲ್ಲೂ ಶೇ 30 ತುಂಬಿಸಲು ದಾರಿಯಾಗುತ್ತದೆ.

ಈಗ 2024ರ ಮೊದಲರ್ಧದ ಪಟ್ಟಿಗಳನ್ನು ಓಡಿಸಿದಾಗ ಕಂಡದ್ದು. ಆಗ ಸರ್ಕಾರಿ ಕಂಪನಿಗಳ ಷೇರು ಮೇಲಕ್ಕೇ ಹೋಗುತ್ತಿದ್ದ ಕಾಲ. ಪಟ್ಟಿಯಲ್ಲಿ ಆರ್‌ಇಸಿ, ಪಿಎಫ್‌ಸಿ, ಐಆರ್‌ಎಫ್‌ಸಿ, ಆರ್‌ವಿಎನ್‌ಎಲ್, ಬಿಇಎಲ್, ಎಚ್‌ಎಎಲ್, ಎನ್‌ಟಿಪಿಸಿ, ಕೋಲ್ ಇಂಡಿಯಾ ಎಲ್ಲ ಇವೆ. ತಪಾಸಣೆ ಇವೆಲ್ಲಕ್ಕೂ ಹಸಿರು ನಿಶಾನೆ ಕೊಟ್ಟಿತ್ತು, ಯಾಕೆಂದರೆ ವರ್ಗೀಕರಣದ ಪ್ರಕಾರ ಮೊದಲ ಮೂರು ಹಣಕಾಸು ಸೇವೆ, ಆರ್‌ವಿಎನ್‌ಎಲ್ ನಿರ್ಮಾಣ, ಬೆಂಗಳೂರಿನ ಎರಡು ಕಂಪನಿ ಬಂಡವಾಳ ಸರಕು, ಎನ್‌ಟಿಪಿಸಿ ವಿದ್ಯುತ್, ಕೋಲ್ ಇಂಡಿಯಾ ತೈಲ, ಅನಿಲ ಮತ್ತು ಇಂಧನ. ಐದು ಸೆಕ್ಟರ್, ಒಂದೂ ಶೇ 30 ಮುಟ್ಟಿಲ್ಲ. ಕಾಗದದ ಮೇಲೆ ಚೆನ್ನಾಗಿ ಹಂಚಿದ ಬಂಡವಾಳ.

2024ರ ಜೂನ್ 4ರಂದು ಲೋಕಸಭೆ ಚುನಾವಣೆಯ ಮತ ಎಣಿಕೆ. ನಿಫ್ಟಿ ಸುಮಾರು ಶೇ 6 ಬಿತ್ತು. ಸರ್ಕಾರಿ ಕಂಪನಿಗಳು ಅದಕ್ಕಿಂತ ಬಹಳ ಹೆಚ್ಚು ಬಿದ್ದವು, ಆರ್‌ಇಸಿ ಮತ್ತು ಪಿಎಫ್‌ಸಿ ಒಂದೇ ದಿನ ಶೇ 20ಕ್ಕೂ ಮಿಗಿಲಾಗಿ. ಆ ದಿನ ಹೂಡಿಕೆದಾರರು ಯಾರು ಸಾಲ ಕೊಡುತ್ತಾರೆ, ಯಾರು ರಡಾರ್ ಮಾಡುತ್ತಾರೆ, ಯಾರು ಕಲ್ಲಿದ್ದಲು ಅಗೆಯುತ್ತಾರೆ ಎಂದು ನೋಡಲಿಲ್ಲ. ಮಾಲೀಕ ಯಾರು ಎಂದಷ್ಟೇ ನೋಡಿದರು.

ರೈಲ್ವೆಗೆ ಸೇರಿದವುಗಳನ್ನು ಮಾತ್ರ ತೆಗೆದುಕೊಂಡರೂ ಇದೇ ಪಾಡು. ಐಆರ್‌ಎಫ್‌ಸಿ ಹಣಕಾಸಿನಲ್ಲಿ, ಆರ್‌ವಿಎನ್‌ಎಲ್ ನಿರ್ಮಾಣದಲ್ಲಿ, ಐಆರ್‌ಸಿಟಿಸಿ ಗ್ರಾಹಕ ಸೇವೆಯಲ್ಲಿ, ರೈಲ್‌ಟೆಲ್ ದೂರಸಂಪರ್ಕದಲ್ಲಿ. ಬಜೆಟ್ಟಿನಲ್ಲಿ ರೈಲ್ವೆಗೆ ಎಷ್ಟು ಹಣ ಎಂಬ ಒಂದೇ ಸುದ್ದಿಗೆ ನಾಲ್ಕೂ ಅಲುಗಾಡುತ್ತವೆ.

ಹಾಗಾಗಿ ಪಟ್ಟಿಗೆ ನನ್ನದೇ ಒಂದು ಕಾಲಮ್ ಸೇರಿಸಿದೆ. ಹೆಸರು "ಒಡೆಯ". ಕೇಂದ್ರ ಸರ್ಕಾರದ, ಇಲ್ಲವೇ ಅದರದೇ ಇನ್ನೊಂದು ಕಂಪನಿಯ ಪಾಲು ಅರ್ಧಕ್ಕಿಂತ ಹೆಚ್ಚಿದ್ದರೆ ಒಂದು ಗುರುತು. ಖಾಸಗಿ ಸಮೂಹವಾದರೆ ಆ ಸಮೂಹದ ಹೆಸರು. ಸಮೂಹದ ಕಾಲಮ್ಮಿಗೂ ಭಾವನ ಬ್ಯಾಂಕೇ ಮಾದರಿ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಒಂದು ಬ್ಯಾಂಕು ಒಬ್ಬ ಸಾಲಗಾರನಿಗೆ ತನ್ನ ಮೊದಲ ಶ್ರೇಣಿಯ ಬಂಡವಾಳದ ಶೇ 20ರವರೆಗೆ, ಪರಸ್ಪರ ಸಂಬಂಧವಿರುವ ಸಾಲಗಾರರ ಗುಂಪಿಗೆ ಶೇ 25ರವರೆಗೆ ಮಾತ್ರ ಒಡ್ಡಿಕೊಳ್ಳಬಹುದು. ಅಲ್ಲಿ ಗುಂಪಿನ ಮಿತಿ ಒಬ್ಬನ ಮಿತಿಗಿಂತ ಸ್ವಲ್ಪವೇ ದೊಡ್ಡದು ಎನ್ನುವುದು ನನಗೆ ಇಷ್ಟವಾಯಿತು. ನಾನು ಖಾಸಗಿ ಸಮೂಹಕ್ಕೆ ಶೇ 15, ಸರ್ಕಾರಿ ಒಡೆತನಕ್ಕೆ ಶೇ 30 ಇಟ್ಟೆ. ಹೀಗೆ ಪ್ರತಿ ಆರ್ಡರೂ ಮೂರು ಬಾಗಿಲು ದಾಟಬೇಕು: ಕಂಪನಿ, ಸೆಕ್ಟರ್, ಒಡೆಯ.

ಈ ಕಾಲಮ್ ತುಂಬಲು ಯಾವ ಕಡತವೂ ಸಿಗುವುದಿಲ್ಲ. ಕಂಪನಿಗಳ ಷೇರು ಹಂಚಿಕೆಯ ತ್ರೈಮಾಸಿಕ ವಿವರ ನೋಡಿ ಕೈಯಾರೆ ಬರೆಯಬೇಕು. ಬೇಸರದ ಕೆಲಸ, ಆದರೆ ನನ್ನ ಮಟ್ಟಿಗೆ ಇಡೀ ತಪಾಸಣೆಯಲ್ಲಿ ಹೆಚ್ಚು ಬೆಲೆಯದ್ದು ಅದೇ.

ಪಟ್ಟಿಯ ಕೀಲಿಯಾಗಿ ಷೇರಿನ ಸಂಕೇತವನ್ನು ಬಿಟ್ಟು, ಪ್ರತಿ ಷೇರಿಗೂ ಬೇರೆಯಾಗಿ ಇರುವ ಗುರುತಿನ ಸಂಖ್ಯೆಯಾದ ಐಎಸ್‌ಐಎನ್ ಬಳಸಿದೆ. 2025ರಲ್ಲಿ ಜೊಮ್ಯಾಟೊ ಹೆಸರು ಬದಲಿಸಿಕೊಂಡಾಗ `ZOMATO` ಹೋಗಿ `ETERNAL` ಬಂತು, ಐಎಸ್‌ಐಎನ್ ಮಾತ್ರ ಅದೇ ಇತ್ತು. ಆದರೆ ಮುಖಬೆಲೆ ಒಡೆದಾಗ ಐಎಸ್‌ಐಎನ್ ಕೂಡ ಬದಲಾಗುತ್ತದೆ. ಆಗ ಪ್ರೋಗ್ರಾಮಿಗೆ ಅದು ಅಪರಿಚಿತ ಷೇರು. ಅಪರಿಚಿತ ಏನೇ ಬಂದರೂ, ಸೆಕ್ಟರ್ ಸಿಗದಿದ್ದರೂ, ಬ್ರೋಕರ್ ಉತ್ತರ ಕೊಡದಿದ್ದರೂ ನಿಯಮ ಒಂದೇ: ಕೊಳ್ಳುವ ಆರ್ಡರ್ ಹೋಗುವುದಿಲ್ಲ, ನನ್ನ ಫೋನಿಗೆ ಒಂದು ಸಂದೇಶ ಬರುತ್ತದೆ.

ಎಲ್ಲಕ್ಕಿಂತ ಮೋಸದ ದಿನವೆಂದರೆ ಬೋನಸ್ ಷೇರಿನ ದಿನ. ಎಚ್‌ಡಿಎಫ್‌ಸಿ ಬ್ಯಾಂಕ್ 2025ರ ಆಗಸ್ಟ್‌ನಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿತು. ದಾಖಲೆ ದಿನ ಆಗಸ್ಟ್ 27. ಅಂದು ಗಣೇಶ ಚತುರ್ಥಿ, ಪೇಟೆಗೆ ರಜೆ. ಹಾಗಾಗಿ 26ರಂದೇ ಬೆಲೆ ಅರ್ಧಕ್ಕೆ ಬಂತು. ಬೋನಸ್ ಷೇರು ಖಾತೆಗೆ ಬರಲು ಮಾತ್ರ ಆಮೇಲೂ ಕೆಲವು ದಿನ ಬೇಕು. ಈ ನಡುವಿನ ದಿನಗಳಲ್ಲಿ ಲೆಕ್ಕ ಏನಾಗುತ್ತದೆ ನೋಡಿ: 12 ಲಕ್ಷದಲ್ಲಿ ಆ ಷೇರು 1,08,000 ಇದ್ದರೆ ಶೇ 9. ಬೆಲೆ ಅರ್ಧವಾಗಿ, ಸಂಖ್ಯೆ ಹಾಗೇ ಉಳಿದರೆ ಪ್ರೋಗ್ರಾಮಿಗೆ ಕಾಣುವುದು 54,000. ಒಟ್ಟು ಕೂಡ 11,46,000ಕ್ಕೆ ಇಳಿದಿರುವುದರಿಂದ ಮಿತಿ 1,14,600, ಅಂದರೆ 60,600ದಷ್ಟು ಜಾಗ ಖಾಲಿ ಇದೆ ಎಂದು ತಪಾಸಣೆ ಹೇಳುತ್ತದೆ. ಅದನ್ನು ನಂಬಿ ಕೊಂಡರೆ, ಬೋನಸ್ ಬಂದು ಬಿದ್ದ ದಿನ ಆ ಷೇರು 1,68,600 ಆಗಿ, ಒಟ್ಟಿನ ಶೇ 14 ಆಗಿರುತ್ತದೆ.

ಬೆಲೆ ಅರ್ಧವಾದದ್ದು ಪ್ರೋಗ್ರಾಮಿಗೆ ಯಾಕೆ ಗೊತ್ತಾಗುವುದಿಲ್ಲ ಎಂದರೆ, ವಿನಿಮಯ ಕೇಂದ್ರ ಅಂದಿನ ಮೂಲ ಬೆಲೆಯನ್ನೂ ಬೋನಸ್ಸಿಗೆ ತಕ್ಕಂತೆ ಹೊಂದಿಸಿರುತ್ತದೆ. ಪರದೆಯ ಮೇಲೆ ಬದಲಾವಣೆ ಶೇ 1 ಇಲ್ಲವೇ 2 ಎಂದಷ್ಟೇ ಕಾಣುತ್ತದೆ. ನನಗೆ ಸಿಕ್ಕ ಉಪಾಯ: ಪ್ರತಿ ಸಂಜೆ ಮುಕ್ತಾಯದ ಬೆಲೆಯನ್ನು ನಾನೇ ಬರೆದಿಡುವುದು, ಬೆಳಿಗ್ಗೆ ಅದನ್ನು ವಿನಿಮಯ ಕೇಂದ್ರ ಹೇಳುವ ಹಿಂದಿನ ದಿನದ ಬೆಲೆಯ ಜೊತೆ ಹೋಲಿಸುವುದು.

```python
if abs(base_today / my_close_yday - 1) > 0.02:
    frozen.add(isin)
```

ಎರಡೂ ಒಂದೇ ಇರಬೇಕು. ಇಲ್ಲವೆಂದರೆ ಬೋನಸ್ಸೋ, ವಿಭಜನೆಯೋ, ಕಂಪನಿ ಇಬ್ಭಾಗವೋ ಏನೋ ನಡೆದಿದೆ. ಷೇರು ಸಂಖ್ಯೆ ಸರಿಹೋಗಿದೆ ಎಂದು ನಾನು ನೋಡಿ ಬಿಡಿಸುವವರೆಗೆ ಅದನ್ನು ಕೊಳ್ಳಲು ಬರುವುದಿಲ್ಲ, ಮತ್ತು ಅದರ ಹಳೆಯ ಮೌಲ್ಯವೇ ಲೆಕ್ಕದಲ್ಲಿ ಮುಂದುವರಿಯುತ್ತದೆ. ವಿಲೀನವನ್ನು ಮಾತ್ರ ಇದು ಹಿಡಿಯುವುದಿಲ್ಲ. 2023ರ ಜುಲೈನಲ್ಲಿ ಎಚ್‌ಡಿಎಫ್‌ಸಿ ತನ್ನ ಬ್ಯಾಂಕಿನೊಳಗೆ ಸೇರಿದಾಗ 25 ಷೇರಿಗೆ ಬ್ಯಾಂಕಿನ 42 ಷೇರು ಬಂದವು. ಎರಡರಲ್ಲೂ ಶೇ 6, 7 ಇಟ್ಟುಕೊಂಡಿದ್ದವರ ಖಾತೆಯಲ್ಲಿ ಒಂದೇ ಕಂಪನಿ ಶೇ 13 ಆಯಿತು, ಒಂದು ಆರ್ಡರೂ ಇಲ್ಲದೆ. ಒಡೆಯನ ಕಾಲಮ್ ಇದ್ದಿದ್ದರೆ ಅವೆರಡೂ ಮೊದಲಿನಿಂದಲೇ ಒಟ್ಟಿಗೆ ಎಣಿಕೆಯಾಗುತ್ತಿದ್ದವು.

ಇಂಥ ಸಂದರ್ಭದಲ್ಲಿ, ಅಥವಾ ಷೇರು ತಾನಾಗಿ ಏರಿ ಮಿತಿ ದಾಟಿದಾಗ, ಪ್ರೋಗ್ರಾಮು ಏನನ್ನೂ ಮಾರುವುದಿಲ್ಲ. ಅದು ಆರ್ಡರ್ ಮುಂಚಿನ ತಪಾಸಣೆ ಮಾತ್ರ, ಹೊಸದಾಗಿ ಸೇರಿಸಲು ಬಿಡುವುದಿಲ್ಲ ಅಷ್ಟೇ. ಮೊಮೆಂಟಮ್‌ನಲ್ಲಿ ಲಾಭ ಬರುವುದೇ ಏರುತ್ತಿರುವುದನ್ನು ಏರಲು ಬಿಟ್ಟಾಗ. ಶೇ 10 ದಾಟಿದ ಮರುಕ್ಷಣ ಕತ್ತರಿಸಿದರೆ ತೆರಿಗೆಯೂ ಕಟ್ಟಿ, ಏರಿಕೆಯೂ ಕೈತಪ್ಪುತ್ತದೆ. ಮಾರುವ ಆರ್ಡರಿಗೆ ತಪಾಸಣೆ ಅಡ್ಡ ಬರುವುದೇ ಇಲ್ಲ. ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ, ಯಾಕೆಂದರೆ ಪೇಟೆ ಬೀಳುವ ದಿನ ಎಪಿಐ ತಡವರಿಸುವುದು ಹೆಚ್ಚು, "ಉತ್ತರ ಬರದಿದ್ದರೆ ತಡೆ" ಎಂಬ ನಿಯಮ ಅಂದು ಹೊರಬರುವ ದಾರಿಯನ್ನೇ ಮುಚ್ಚಬಾರದು.

ಜಾಗ ಕಡಿಮೆ ಇದ್ದಾಗ ಸಂಖ್ಯೆ ಇಳಿಸಿ ಕೊಳ್ಳಬೇಕೋ, ಪೂರ್ತಿ ಬಿಡಬೇಕೋ ಎನ್ನುವುದರಲ್ಲಿ ನನ್ನ ನಿಲುವು ನಿಧಾನವಾಗಿ ಬದಲಾಯಿತು. ಮೊದಲು ಇಳಿಸಿ ಕೊಳ್ಳುತ್ತಿದ್ದೆ. ಪುಡಿ ಪುಡಿ ಷೇರುಗಳು ಸೇರಿಕೊಂಡವು. ಮಾರುವಾಗ ಡಿಮ್ಯಾಟ್‌ನಿಂದ ಷೇರು ಹೊರಹೋಗಲು ಪ್ರತಿ ಕಂಪನಿಗೂ ಕಟ್ಟುವ ಡಿಪಿ ಶುಲ್ಕ ಷೇರು ಎಷ್ಟೇ ಇದ್ದರೂ ಒಂದೇ ಆದ್ದರಿಂದ ಚಿಕ್ಕ ಮೊತ್ತಕ್ಕೆ ಅದು ಭಾರ. ಈಗ ಬೇಕಾದ ಸಂಖ್ಯೆಯ ಅರ್ಧಕ್ಕಿಂತ ಕಡಿಮೆ ಸಿಕ್ಕರೆ ಆ ಷೇರನ್ನೇ ಬಿಟ್ಟು ಪಟ್ಟಿಯ ಮುಂದಿನ ಹೆಸರಿಗೆ ಹೋಗುತ್ತದೆ. ಮೇಲಿನ ಉದಾಹರಣೆಯಲ್ಲಿ 30ಕ್ಕೆ 14 ಸಿಕ್ಕಿತ್ತಲ್ಲ, ಅದು ಬಿಟ್ಟುಹೋಗುವ ಗುಂಪಿಗೆ ಸೇರಿದ್ದು. ಕಡತದಲ್ಲಿ ಹೀಗೆ ಒಂದು ಸಾಲು ಬೀಳುತ್ತದೆ:

```
REJECT want=30 ok=14 by=SECTOR held=324000 pend=20000 cap=360000
```

ಯಾವ ಬಾಗಿಲು ತಡೆಯಿತು ಎನ್ನುವ `by=` ಭಾಗವನ್ನು ನಾನು ತಿಂಗಳ ಕೊನೆಗೆ ಓದುತ್ತೇನೆ. ನಿಫ್ಟಿ 500 ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಗೆ ಬದಲಾಗುವಾಗ ಹೊಸ ಸಿಎಸ್‌ವಿ ಇಳಿಸಿ, ಒಡೆಯನ ಕಾಲಮ್ಮನ್ನು ಹೊಸ ಹೆಸರುಗಳಿಗೆ ತುಂಬುತ್ತೇನೆ. ಫ್ಯೂಚರ್ಸ್, ಆಪ್ಷನ್ಸ್ ಈ ಖಾತೆಯಲ್ಲಿಲ್ಲ. ಅವನ್ನು ಸೇರಿಸುವವರಿಗೆ ಕಟ್ಟಿದ ಮಾರ್ಜಿನ್ನಿನ ಬದಲು ಪೂರ್ತಿ ಕರಾರಿನ ಮೌಲ್ಯ ಎಣಿಸಬೇಕಾಗುತ್ತದೆ, ಈ ಮೂರು ಸಾಲಿನ ಫಂಕ್ಷನ್ ಅದಕ್ಕೆ ಸಾಲದು.